ಸೊನ್ನೆಗೆ ಒಂದು ಸುತ್ತು ಬಂದರೆ 2 ಹೋಗಿ −2 ಆಗುವುದು ಹೇಗೆ?

4ರ ವರ್ಗಮೂಲ ಎಷ್ಟು ಅಂದರೆ ಥಟ್ಟನೆ ಬರುವ ಉತ್ತರ 2. −2 ಕೂಡ ಹೌದಲ್ವಾ ಎಂದು ಯಾರಾದರೂ ನೆನಪಿಸಬೇಕು. ಮೂಲಗಳು ಎರಡು ಎನ್ನುವುದು ಹಳೆಯ ತಿಳಿವಳಿಕೆ. 9ನೇ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಧನಸಂಖ್ಯೆಗೆ ಧನ, ಋಣ ಎರಡೂ ಮೂಲಗಳಿವೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ಮೂಲವೇ ಇಲ್ಲ.

ಸಂಖ್ಯೆಗಳೆಲ್ಲ ಒಂದೇ ಗೆರೆಯ ಮೇಲೆ ಇರುವವರೆಗೆ ಇದರಲ್ಲಿ ಏನೂ ತಕರಾರಿಲ್ಲ. ಧನಮೂಲ ಒಂದು ಕವಲು, ಋಣಮೂಲ ಇನ್ನೊಂದು ಕವಲು. ಸಂಖ್ಯೆ 1ರಿಂದ 100ಕ್ಕೆ ನಡೆದರೆ ಒಂದು ಕವಲು 1ರಿಂದ 10ಕ್ಕೆ ಹೋಗುತ್ತದೆ, ಇನ್ನೊಂದು −1ರಿಂದ −10ಕ್ಕೆ. ಎರಡೂ ಸೇರುವುದು ಸೊನ್ನೆಯಲ್ಲಿ ಮಾತ್ರ. ಸೊನ್ನೆಯನ್ನು ಮುಟ್ಟದೆ ಒಂದು ಕವಲಿನಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲ.

ದಾರಿ ತೆರೆದದ್ದು ಸಂಖ್ಯೆಗಳಿಗೆ ಗೆರೆಯ ಬದಲು ಸಮತಲ ಸಿಕ್ಕಾಗ. −1ರ ಮೂಲವನ್ನು ಬಳಸಿ ಲೆಕ್ಕ ಮಾಡುವ ನಿಯಮಗಳನ್ನು ಬೊಂಬೆಲ್ಲಿ 1572ರಲ್ಲೇ ಬರೆದಿದ್ದ. ಆದರೆ ಅದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಎರಡು ಶತಮಾನಕ್ಕೂ ಜಾಸ್ತಿ ಹಿಡಿಯಿತು. 1797ರಲ್ಲಿ ವೆಸೆಲ್ ಎಂಬ ಭೂಮಾಪಕ ಡೆನ್ಮಾರ್ಕಿನ ಅಕಾಡೆಮಿಗೆ ಆ ಚಿತ್ರವನ್ನು ಕೊಟ್ಟ. ಪಾಪ, ಸುಮಾರು ನೂರು ವರ್ಷ ಅದನ್ನು ಯಾರೂ ಗಮನಿಸಲಿಲ್ಲ. 1806ರಲ್ಲಿ ಆರ್ಗಾನ್ ಅದೇ ಚಿತ್ರವನ್ನು ತಾನಾಗಿಯೇ ಬಿಡಿಸಿದ. ಈ ಚಿತ್ರದಲ್ಲಿ −1ರ ಮೂಲ, ಅಂದರೆ i, ಸೊನ್ನೆಯಿಂದ ನೇರ ಮೇಲೆ ಒಂದು ಅಳತೆಯ ದೂರದಲ್ಲಿದೆ. ಪ್ರತಿ ಸಂಖ್ಯೆಗೂ ಸೊನ್ನೆಯಿಂದ ಒಂದು ದೂರ ಇದೆ, ಬಲಗಡೆಯ ಗೆರೆಯಿಂದ ಅಳೆದ ಒಂದು ಕೋನ ಇದೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ದೂರಗಳು ಗುಣವಾಗುತ್ತವೆ, ಕೋನಗಳು ಕೂಡುತ್ತವೆ. ಅಂದರೆ ವರ್ಗ ಮಾಡಿದರೆ ಕೋನ ಎರಡರಷ್ಟಾಗುತ್ತದೆ. ವರ್ಗಮೂಲ ತೆಗೆದರೆ ಕೋನ ಅರ್ಧವಾಗುತ್ತದೆ.

ಇಡೀ ಕತೆ ಆ ‘ಅರ್ಧ’ದಲ್ಲಿದೆ. ಒಂದು ಹಾಳೆಯ ಮೇಲೆ ಬರೆದು ನೋಡಿ. ಸೊನ್ನೆಯನ್ನು ನಡುವೆ ಇಟ್ಟು, 4 ಅಳತೆಯ ತ್ರಿಜ್ಯದಲ್ಲಿ ಒಂದು ವೃತ್ತ ಎಳೆಯಿರಿ. z ಎಂಬ ಚುಕ್ಕಿ 4ರಲ್ಲಿ ಹೊರಟು ಈ ವೃತ್ತದ ಮೇಲೆ ಎಡಕ್ಕೆ ತಿರುಗುತ್ತಾ ಹೋಗಲಿ. ಒಳಗೆ 2 ಅಳತೆಯ ಇನ್ನೊಂದು ವೃತ್ತ. z ಎಲ್ಲೇ ಇರಲಿ, ಅದರ ಎರಡು ಮೂಲಗಳು ಈ ಒಳವೃತ್ತದ ಮೇಲೆ ಎದುರುಬದುರಾಗಿ ಇರುತ್ತವೆ. ಅವೆರಡನ್ನೂ ಒಂದು ಕೋಲಿನ ಎರಡು ತುದಿ ಎಂದುಕೊಳ್ಳಿ. ಕೋಲಿನ ನಡು ಸೊನ್ನೆಗೆ ಮೊಳೆ ಹೊಡೆದ ಹಾಗೆ ನಿಂತಿದೆ. 2ರ ಮೇಲಿರುವ ತುದಿಗೆ ಕೆಂಪು ಬಣ್ಣ ಹಚ್ಚಿ.

ಈಗ z ಹೊರಡುತ್ತದೆ. ಅದು ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಿ 4iಗೆ ಬಂದಾಗ ಕೋಲು 45 ಡಿಗ್ರಿ ಮಾತ್ರ ತಿರುಗಿರುತ್ತದೆ. ಕೆಂಪು ತುದಿ √2 + √2iನಲ್ಲಿದೆ. z ಅರ್ಧ ಸುತ್ತು ಮುಗಿಸಿ −4ಕ್ಕೆ ಬಂದಾಗ ಕೆಂಪು ತುದಿ ನೇರ ಮೇಲೆ, 2iನಲ್ಲಿ. ಮುಕ್ಕಾಲು ಸುತ್ತಿಗೆ ಅದು −√2 + √2i. ಕೊನೆಗೆ z ಮತ್ತೆ 4ಕ್ಕೆ ಬಂತು. ಕೆಂಪು ತುದಿ 180 ಡಿಗ್ರಿ ತಿರುಗಿ −2ರಲ್ಲಿ ಕೂತಿದೆ. ಬಣ್ಣವಿಲ್ಲದ ತುದಿ 2ಕ್ಕೆ ಬಂದಿದೆ.

ಕೋಲನ್ನು ಮಾತ್ರ ನೋಡಿದರೆ ಏನೂ ಆಗಿಲ್ಲ. ಮೊದಲು ಹೇಗೆ ಮಲಗಿತ್ತೋ ಹಾಗೇ ಇದೆ, ಏಕೆಂದರೆ 4ರ ಮೂಲಗಳ ಜೋಡಿ ಆಗಲೂ ಈಗಲೂ 2 ಮತ್ತು −2. ಅದಲುಬದಲಾದದ್ದು ತುದಿಗಳು. ದಾರಿಯಲ್ಲಿ ಎಲ್ಲೂ ಜಿಗಿತ ಇಲ್ಲ, ಸೊನ್ನೆಯನ್ನು ಮುಟ್ಟಿದ್ದೂ ಇಲ್ಲ. z ಇನ್ನೊಂದು ಸುತ್ತು ಬಂದರೆ ಕೆಂಪು ತುದಿ ಮತ್ತೆ 2ಕ್ಕೆ ಮರಳುತ್ತದೆ.

ಸುತ್ತು ಬಂದರೆ ಸಾಕೇ? ಸಾಲದು, ಸೊನ್ನೆ ಆ ಸುತ್ತಿನ ಒಳಗೆ ಇರಬೇಕು. 4ರ ಸುತ್ತ 1 ಅಳತೆಯ ತ್ರಿಜ್ಯದ ವೃತ್ತ ಎಳೆದು ಅದರ ಮೇಲೆ zನ್ನು ಓಡಿಸಿ. ಸೊನ್ನೆ ಹೊರಗೇ ಉಳಿಯಿತು. zನ ಕೋನ ಹೆಚ್ಚೆಂದರೆ ಸುಮಾರು 14.5 ಡಿಗ್ರಿ ಮೇಲೆ, ಅಷ್ಟೇ ಕೆಳಗೆ ಹೋಗಿ, ಹೊರಟಲ್ಲಿಗೇ ಬರುತ್ತದೆ. ಕೋಲು ಅದರ ಅರ್ಧ ಅಲ್ಲಾಡಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಕೆಂಪು ತುದಿ 2ರಲ್ಲೇ ಇದೆ. ವೃತ್ತ ದೊಡ್ಡದೋ ಚಿಕ್ಕದೋ, ಸೊಟ್ಟಗಿದೆಯೋ ಎಂಬುದು ಲೆಕ್ಕಕ್ಕಿಲ್ಲ. ಸೊನ್ನೆಗೆ ಎಷ್ಟು ಸುತ್ತು ಬಿತ್ತು ಅನ್ನುವುದಷ್ಟೇ ಮುಖ್ಯ. ಬೆಸಸಂಖ್ಯೆಯಾದರೆ ಅದಲುಬದಲು, ಸಮಸಂಖ್ಯೆಯಾದರೆ ಇಲ್ಲ.

ಇದರಿಂದ ‘ಧನಮೂಲದ ಕವಲು’ ಎಂಬ ಮಾತೇ ಅಲುಗಾಡುತ್ತದೆ. ಸೊನ್ನೆಯ ಸುತ್ತ ಇಡೀ ವೃತ್ತಕ್ಕೆ ಸಲ್ಲುವ ಹಾಗೆ, ಎಲ್ಲೂ ಜಿಗಿಯದಂತೆ ಒಂದೇ ಮೂಲವನ್ನು ಆರಿಸಿಕೊಳ್ಳಲು ಆಗುವುದಿಲ್ಲ. ಹೊರಟಾಗ 2 ಎಂದು ಆರಿಸಿದರೆ, ಸುತ್ತಿ ಬಂದಾಗ ಅದೇ ಜಾಗದಲ್ಲಿ −2 ಎನ್ನಬೇಕಾಗುತ್ತದೆ.

ಇದಕ್ಕೆ ಏನು ಮಾಡುವುದು? 19ನೇ ಶತಮಾನದಲ್ಲಿ ಬೇರೆ ಬೇರೆ ಉತ್ತರ ಬಂದವು. ಕೋಶಿಯದು ತಡೆಗೆರೆ ಹಾಕುವ ದಾರಿ. ಸೊನ್ನೆಯಿಂದ ಹೊರಗೆ ಒಂದು ಗೆರೆ ಎಳೆದು ಅದನ್ನು ದಾಟಬಾರದು ಎಂದುಬಿಟ್ಟರೆ, ಸುತ್ತು ಬರಲು ಯಾರಿಗೂ ಆಗುವುದಿಲ್ಲ, ಕವಲುಗಳು ಬೇರೆ ಬೇರೆಯೇ ಉಳಿಯುತ್ತವೆ. ಕೆಲಸ ನಡೆಯುತ್ತದೆ, ಆದರೆ ನನಗೆ ಇದು ಸಮಸ್ಯೆಯ ಮೇಲೆ ಚಾಪೆ ಹಾಸಿದ ಹಾಗೆ ಕಾಣುತ್ತದೆ. 1850ರಲ್ಲಿ ಪ್ಯುಸೋ ತಪ್ಪಿಸಿಕೊಳ್ಳುವ ಬದಲು ಬೆನ್ನುಹತ್ತಿದ. z ಇಂಥ ಬಿಂದುವಿನ ಸುತ್ತ ಹೋದಾಗ ಸಮೀಕರಣದ ಮೂಲಗಳಲ್ಲಿ ಯಾವುದು ಯಾವುದರ ಜಾಗಕ್ಕೆ ಬರುತ್ತದೆ ಎಂದು ಗುರುತಿಸಿದ. ಅವು ಚಕ್ರದಂತೆ ಜಾಗ ಬದಲಿಸುತ್ತವೆ. ಘನಮೂಲವಾದರೆ ಮೂರರ ಚಕ್ರ, ವರ್ಗಮೂಲವಾದರೆ ಎರಡರದು.

ಮರುವರ್ಷ, 1851ರಲ್ಲಿ, ರೀಮನ್ ಗಾಟಿಂಗೆನ್‌ನಲ್ಲಿ ಕೊಟ್ಟ ಡಾಕ್ಟರೇಟ್ ಪ್ರಬಂಧದಲ್ಲಿ ಸಮತಲವನ್ನೇ ಬದಲಿಸಿದ. ಒಂದರ ಮೇಲೊಂದು ಎರಡು ಹಾಳೆ ಇಡಿ. ಎರಡನ್ನೂ ಸೊನ್ನೆಯಿಂದ ಎಡಕ್ಕೆ, ಋಣಸಂಖ್ಯೆಗಳ ಉದ್ದಕ್ಕೂ ಕತ್ತರಿಸಿ. ಮೇಲಿನ ಹಾಳೆಯ ಒಂದು ಅಂಚನ್ನು ಕೆಳಗಿನ ಹಾಳೆಯ ಎದುರಂಚಿಗೆ ಅಂಟಿಸಿ, ಉಳಿದೆರಡು ಅಂಚನ್ನೂ ಹಾಗೆಯೇ. ನಿಜವಾದ ಕಾಗದದಲ್ಲಿ ಅಂಟುಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಅದು ನಮ್ಮ ಕಾಗದದ ಮಿತಿ ಅಷ್ಟೇ. ಈಗ ಒಂದು ಸುತ್ತು ಬಂದರೆ ನೀವು ಹೊರಟಲ್ಲಿಗೆ ಬಂದಿಲ್ಲ, ಇನ್ನೊಂದು ಹಾಳೆಯಲ್ಲಿದ್ದೀರಿ. ಎರಡು ಸುತ್ತಿಗೆ ಮನೆಗೆ. ಈ ಮೇಲ್ಮೈ ಮೇಲೆ ವರ್ಗಮೂಲಕ್ಕೆ ಪ್ರತಿ ಜಾಗದಲ್ಲೂ ಒಂದೊಂದೇ ಬೆಲೆ.

ಕಂಪ್ಯೂಟರ್ ಮಾತ್ರ ಇಂದಿಗೂ ತಡೆಗೆರೆಯನ್ನೇ ನಂಬಿದೆ. ಪೈಥಾನ್‌ನಲ್ಲಿ ಆ ಗೆರೆ ಋಣಸಂಖ್ಯೆಗಳ ಮೇಲಿದೆ:

```python
import cmath
print(cmath.sqrt(complex(-4, 0.0001)))
print(cmath.sqrt(complex(-4, -0.0001)))
```

ಗೆರೆಯ ಮೇಲೆ ಒಂದು ಕೂದಲೆಳೆ, ಕೆಳಗೆ ಒಂದು ಕೂದಲೆಳೆ. ಉತ್ತರ ಮಾತ್ರ ಮೊದಲನೆಯದಕ್ಕೆ ಹೆಚ್ಚುಕಡಿಮೆ 2i, ಎರಡನೆಯದಕ್ಕೆ −2i. z ಸುತ್ತುತ್ತಿರುವಾಗ ಅದರ ಮೂಲದ ನಕ್ಷೆ ಬಿಡಿಸಿದಿರಿ ಎನ್ನಿ; z ಎಡಗಡೆ ಬಂದಾಗ ಅದು ಇದ್ದಕ್ಕಿದ್ದಂತೆ ತುಂಡಾದರೆ ಕಾರಣ ಇದೇ. ಬೆಲೆಯ ಗಾತ್ರ ಸರಿಯಾಗಿದ್ದು ಚಿಹ್ನೆ ಮಾತ್ರ ತಿರುಗಿದ್ದರೆ ಅದೇ ಗುರುತು. ಪರಿಹಾರ ಸುಲಭ: ಕಂಪ್ಯೂಟರ್ ಕೊಟ್ಟ ಮೂಲ ಮತ್ತು ಅದರ ಋಣ, ಇವೆರಡರಲ್ಲಿ ಹಿಂದಿನ ಹೆಜ್ಜೆಯ ಬೆಲೆಗೆ ಹತ್ತಿರ ಇರುವುದನ್ನು ಆರಿಸಿಕೊಳ್ಳಿ. ಹೆಜ್ಜೆ ಚಿಕ್ಕದಿರಬೇಕು. ಸೊನ್ನೆಯ ಪಕ್ಕದಲ್ಲೇ ಹಾದು ಹೋಗುವಾಗ ಇನ್ನೂ ಚಿಕ್ಕದು ಬೇಕು: z 0.0001ರ ದೂರದಲ್ಲಿದ್ದರೆ ಎರಡು ಮೂಲಗಳ ನಡುವೆ ಇರುವ ಅಂತರ 0.02 ಮಾತ್ರ, ಹೆಜ್ಜೆ ದೊಡ್ಡದಾದರೆ ಯಾವ ತುದಿ ಕೆಂಪು ಎನ್ನುವುದೇ ತಪ್ಪಿಹೋಗುತ್ತದೆ.