ಶಿಫ್ಟ್ ಬದಲಾಗುವ ಆ ಅರ್ಧ ಗಂಟೆ

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದಾಗಿನ ಮಾತು. ಬೆಳಿಗ್ಗೆ 6ಕ್ಕೆ ಬಂದವನು ಲಾಗ್ ಬುಕ್ ತೆರೆದೆ. ‘4ನೇ ಮಶೀನ್ ಓಕೆ’ ಅಂತ ಬರೆದಿತ್ತು. ಹೋಗಿ ನೋಡಿದರೆ ಕೂಲಿಂಗ್ ಟೈಮ್ 18 ಸೆಕೆಂಡ್ ಇರಬೇಕಾದಲ್ಲಿ 24 ಇದೆ. ರಾತ್ರಿಯವರು ಸುಮ್ನೆ ನಿಧಾನ ಮಾಡಿದ್ದಾರೆ ಅಂದುಕೊಂಡು ಮತ್ತೆ 18ಕ್ಕೆ ಇಳಿಸಿದೆ. ನಿಜ ಏನೆಂದರೆ, ಮೋಲ್ಡಿನ ಒಂದು ನೀರಿನ ದಾರಿ ಕಟ್ಟಿಕೊಂಡಿತ್ತು. ಅದಕ್ಕೇ ರಾತ್ರಿಯ ಸೂಪರ್‌ವೈಸರ್ ಟೈಮ್ ಏರಿಸಿದ್ದರು. ಬಿಸಿ ಇರುವಾಗ ಪೀಸ್ ಚೆನ್ನಾಗಿಯೇ ಕಾಣುತ್ತೆ, ಆರಿದ ಮೇಲೆ ಸೊಟ್ಟಗಾಗುತ್ತೆ. ಅಸೆಂಬ್ಲಿಯವರು ಕೂಗಾಡುವ ಹೊತ್ತಿಗೆ ನಾಲ್ಕು ಗಂಟೆ ಕಳೆದು ಸುಮಾರು 1800 ಪೀಸ್ ಹಾಳಾಗಿತ್ತು.

ರಾತ್ರಿಯ ಸೂಪರ್‌ವೈಸರ್ ಸೋಮಾರಿಯಲ್ಲ. 6ಕ್ಕೆ ಅವರ ಡ್ಯೂಟಿ ಮುಗಿಯಿತು, 6ಕ್ಕೆ ನನ್ನದು ಶುರು. ಅವರ ಬಸ್ಸು 6:10ಕ್ಕೆ. ನಾವು ಎದುರಾಗಿದ್ದು ಗೇಟಿನ ಹತ್ತಿರ, ಮಾತಾಡಿದ್ದು ‘ನಮಸ್ಕಾರ ಸಾರ್, ಎಲ್ಲ ಸರಿ ಇದೆ’ ಅಷ್ಟೇ. ಮೂರು ಶಿಫ್ಟಿಗೆ ಎಂಟೆಂಟು ಗಂಟೆ ಹಂಚಿದರೆ 24 ಮುಗಿದೇ ಹೋಗುತ್ತೆ, ಮಾತಿಗೆ ಜಾಗ ಎಲ್ಲಿ?

ಹಾಗಾಗಿ ಸೂಪರ್‌ವೈಸರ್‌ಗೆ ಎಂಟೂವರೆ ಗಂಟೆ ಹಾಕಬೇಕು. ಈ ಹೆಚ್ಚಿನ ಅರ್ಧ ಗಂಟೆಯನ್ನು ಎಲ್ಲಿ ಇಡುತ್ತೀರಿ ಅನ್ನೋದು ಮುಖ್ಯ. ಎಷ್ಟೋ ಕಡೆ ಮುಂದೆ ಕಾಲು ಗಂಟೆ, ಹಿಂದೆ ಕಾಲು ಗಂಟೆ ಹಂಚುತ್ತಾರೆ. ಇದು ಕೆಲಸ ಮಾಡಲ್ಲ. ಕೊನೆಯ ಕಾಲು ಗಂಟೆ ಹೋಗುವವನು ಪೀಸ್ ಎಣಿಸುತ್ತಿರುತ್ತಾನೆ. ಮೊದಲ ಕಾಲು ಗಂಟೆ ಬಂದವನು ಯಾರು ಬಂದಿಲ್ಲ, ಯಾರನ್ನು ಯಾವ ಮಶೀನಿಗೆ ನಿಲ್ಲಿಸೋದು ಅಂತ ಓಡಾಡುತ್ತಿರುತ್ತಾನೆ. ಇಬ್ಬರೂ ಒಂದೇ ಸೂರಿನಡಿ ಇದ್ದರೂ ಒಬ್ಬರ ಮುಖ ಒಬ್ಬರು ನೋಡಲ್ಲ.

ನಾವು ಆಮೇಲೆ ಮಾಡಿದ್ದು ಹೀಗೆ. ಕಾರ್ಮಿಕರ ಶಿಫ್ಟ್ 6, 2, 10 ಹಾಗೇ ಉಳಿಯಿತು. ಸೂಪರ್‌ವೈಸರ್‌ಗಳು 5:30, 1:30, 9:30ಕ್ಕೆ ಬರುತ್ತಾರೆ, ಹೋಗುವುದು ಮಾತ್ರ ಹಳೇ ಸಮಯಕ್ಕೇ, ತಮ್ಮ ಶಿಫ್ಟಿನವರ ಬಸ್ಸಿನಲ್ಲೇ. ಪ್ರೊಡಕ್ಷನ್ ಲೆಕ್ಕವನ್ನು 1:30ಕ್ಕೇ ಮುಚ್ಚಿ, ಉಳಿದ ಅರ್ಧ ಗಂಟೆಯ ಪೀಸ್ ಮುಂದಿನ ಶಿಫ್ಟಿನ ಖಾತೆಗೆ ಹಾಕಿದೆವು. ‘ನಮ್ಮ ಪೀಸ್ ಅವರಿಗ್ಯಾಕೆ’ ಅಂತ ಒಂದು ವಾರ ಜಗಳ ಆಯಿತು. ಎಲ್ಲರ ಅರ್ಧ ಗಂಟೆಯೂ ಮುಂದಕ್ಕೆ ಹೋಗುತ್ತೆ, ಹಿಂದಿನವರದು ನಮಗೆ ಬರುತ್ತೆ ಅಂತ ಗೊತ್ತಾದ ಮೇಲೆ ತಣ್ಣಗಾದರು.

ಮೊದಲ ಐದು ನಿಮಿಷ ಬಂದವನು ಒಬ್ಬನೇ ಲಾಗ್ ಬುಕ್ ಓದುತ್ತಾನೆ. ಆಮೇಲೆ ಇಬ್ಬರೂ ಮಶೀನಿಂದ ಮಶೀನಿಗೆ ನಡೆಯುತ್ತಾರೆ. ಆಫೀಸಿನಲ್ಲಿ ಕೂತರೆ ಟೀ ಕುಡಿದು ಮುಗಿಯುತ್ತೆ, ಮಶೀನ್ ಮುಂದೆ ನಿಂತರೇ ‘ಅರೆ, ಇದನ್ನ ಹೇಳೋದು ಮರೆತೆ’ ಅನ್ನೋದು ಬಾಯಿಗೆ ಬರೋದು. ಪ್ರತಿ ಮಶೀನಿಗೆ ಒಂದೇ ಪ್ರಶ್ನೆ: ಏನನ್ನ ಬದಲಿಸಿ ಹಾಗೇ ಬಿಟ್ಟಿದ್ದೀರಿ, ಯಾಕೆ? ಉತ್ತರವನ್ನು ಬಂದವನು ತನ್ನ ಮಾತಲ್ಲಿ ಮತ್ತೆ ಹೇಳಬೇಕು. ‘ನೀರು ಕಟ್ಟಿದೆ, 24ರಲ್ಲೇ ಓಡಿಸ್ತೀನಿ, ಮೋಲ್ಡ್ ಬಿಚ್ಚೋವರೆಗೆ ಮುಟ್ಟಲ್ಲ.’ ಆಗ ಸಹಿ.

ಇದರ ಬೆಲೆ? ಎಂಟು ಗಂಟೆಯಲ್ಲಿ ಊಟದ ಅರ್ಧ ಗಂಟೆ ಕೆಲಸದ ಲೆಕ್ಕಕ್ಕೆ ಸೇರದಿದ್ದರೆ ವಾರಕ್ಕೆ 45 ಗಂಟೆ. ಆರು ದಿನದ ಮೂರು ಗಂಟೆ ಸೇರಿ ಸರಿಯಾಗಿ 48. ಊಟದ ಹೊತ್ತನ್ನೂ ಕೆಲಸ ಅಂತ ಎಣಿಸುವ ಕಡೆ ಅದು 51 ಆಗುತ್ತೆ, ಆ ಮೂರು ಗಂಟೆಗೆ ಏನು ಕೊಡುತ್ತೀರಿ ಅಂತ ಮೊದಲೇ ಮಾತಾಡಿಕೊಳ್ಳಿ. ಬಿಟ್ಟಿ ದುಡಿಸಿದರೆ ತಿಂಗಳಲ್ಲಿ ಎಲ್ಲರೂ ಮತ್ತೆ 1:55ಕ್ಕೇ ಬರುತ್ತಾರೆ. ಕಾರ್ಮಿಕರಿಗೂ ಹೀಗೇ ಮಾಡೋಣ ಅಂತ ಹೊರಡಬೇಡಿ. ಒಂದೇ ಥರದ ಕೆಲಸಕ್ಕೆ ಎರಡು ಪಾಳಿಯವರು ಒಟ್ಟಿಗೆ ಇರುವಂತಿಲ್ಲ ಅಂತ 1948ರ ಕಾರ್ಖಾನೆ ಕಾಯ್ದೆಯ 58ನೇ ಸೆಕ್ಷನ್ನಿನಲ್ಲೇ ಇತ್ತು.

ದಿನಕ್ಕೆ ಮೂರು ಸಲ ಅರ್ಧ ಗಂಟೆ ಆಗಲ್ಲ ಅನ್ನುವವರು 2 ಗಂಟೆಯದನ್ನು ಹದಿನೈದು ನಿಮಿಷಕ್ಕೆ ಇಳಿಸಲಿ. ಆಗ ಜನರಲ್ ಶಿಫ್ಟಿನ ಮೆಂಟೆನೆನ್ಸ್, ಕ್ವಾಲಿಟಿಯವರು ಇರುತ್ತಾರೆ, ಕೇಳಬಹುದು. ಬೆಳಿಗ್ಗೆ 6ರದನ್ನು ಮಾತ್ರ ಮುಟ್ಟಬಾರದು. ರಾತ್ರಿ ನಡೆದಿದ್ದು ಆ ಒಬ್ಬನ ತಲೆಯಲ್ಲಿ ಮಾತ್ರ ಇರುತ್ತೆ, ಅವನಿಗೋ ನಿದ್ದೆ ಎಳೆಯುತ್ತಿರುತ್ತೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಸ್ಫೋಟವಾಗಿ 15 ಜನ ಸತ್ತರಲ್ಲ, ಅದರ ಹಿಂದೆ ಹತ್ತಾರು ಕಾರಣಗಳಿದ್ದವು. ಅವುಗಳಲ್ಲಿ ಇದೂ ಒಂದು: ರಾತ್ರಿಯ ಮುಖ್ಯ ಆಪರೇಟರ್ ಶಿಫ್ಟ್ ಮುಗಿಯುವ ಮೊದಲೇ ಹೊರಟಿದ್ದ, ಹಗಲಿನ ಸೂಪರ್‌ವೈಸರ್ ಒಂದು ಗಂಟೆಗೂ ಹೆಚ್ಚು ತಡವಾಗಿ ಬಂದಿದ್ದ, ನಡುವೆ ಇದ್ದದ್ದು ಲಾಗ್ ಬುಕ್ಕಿನ ಒಂದು ಸಾಲು.

ಅರ್ಧ ಗಂಟೆ ಉಪಯೋಗಕ್ಕೆ ಬರುತ್ತಿದೆಯಾ ಅಂತ ತಿಳಿಯಲು ಸಹಿ ನೋಡಬೇಡಿ, ಫೋನ್ ನೋಡಿ. ಶಿಫ್ಟ್ ಶುರುವಾದ ಮೊದಲ ಒಂದು ಗಂಟೆಯಲ್ಲಿ ಬಂದವನು ಹೋದವನಿಗೆ ಎಷ್ಟು ಸಲ ಫೋನ್ ಮಾಡಿದ, ಏನು ಕೇಳಿದ ಅಂತ ಎರಡು ವಾರ ಬರೆಸಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದು ನಡಿಗೆಯ ಪಟ್ಟಿಗೆ ಸೇರಬೇಕು. ನಮ್ಮಲ್ಲಿ ಜಾಸ್ತಿ ಬಂದಿದ್ದು ಯಾವುದು ಗೊತ್ತಾ? ‘ಸಾರ್, ಟೂಲ್ ರೂಮಿನ ಕೀ ಎಲ್ಲಿಟ್ಟಿದ್ದೀರಿ?’