ರಾತ್ರಿಯೆಲ್ಲ ಮುಚ್ಚಿದ್ದ ಪೇಟೆ ಬೆಳಗ್ಗೆ ಐದು ರೂಪಾಯಿ ಮೇಲೆ ತೆರೆಯುವುದು ಹೇಗೆ?

ಷೇರು ಬ್ರೋಕರ್ ಕಚೇರಿಯಲ್ಲಿ ಡೀಲರ್ ಕುರ್ಚಿಯಲ್ಲಿ ಕೂತವರಿಗೆ ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೆ ಬರುವ ಫೋನ್‌ಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ: “ಸರ್, ನಿನ್ನೆ ಇನ್ನೂರಕ್ಕೆ ಮುಗಿದಿತ್ತು. ರಾತ್ರಿಯೆಲ್ಲ ಪೇಟೆ ಮುಚ್ಚಿತ್ತು, ಒಂದು ಷೇರೂ ಕೈ ಬದಲಾಗಿಲ್ಲ. ಈಗ ನೋಡಿದ್ರೆ ಇನ್ನೂರ ಐದು. ಈ ಐದು ರೂಪಾಯಿ ಏರಿಸಿದ್ದು ಯಾರು?”

ಕಂಪನಿಯವರೂ ಅಲ್ಲ, ಎಕ್ಸ್‌ಚೇಂಜ್‌ನ ಯಾವ ಅಧಿಕಾರಿಯೂ ಅಲ್ಲ. ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ಮಾಮೂಲಿ ವಹಿವಾಟು ಶುರುವಾಗುವುದು 9:15ಕ್ಕೆ. ಅದಕ್ಕೂ ಮೊದಲಿನ ಕಾಲು ಗಂಟೆಯಲ್ಲಿ ಒಂದು ಸಣ್ಣ ಹರಾಜು ನಡೆದಿರುತ್ತದೆ. ಪ್ರೀ-ಓಪನ್ ಎನ್ನುವ ಈ ಅವಧಿ 2010ರ ಅಕ್ಟೋಬರ್‌ನಲ್ಲಿ ಬಂತು. ಮೊದಲು ಸೂಚ್ಯಂಕದ ಷೇರುಗಳಿಗಷ್ಟೇ ಇತ್ತು, ಆಮೇಲೆ ಉಳಿದವಕ್ಕೂ ವಿಸ್ತರಿಸಿದರು. 9:00ರಿಂದ 9:08ರವರೆಗೆ ಯಾರು ಬೇಕಾದರೂ ಆರ್ಡರ್ ಹಾಕಬಹುದು, ತಿದ್ದಬಹುದು, ವಾಪಸ್ ತೆಗೆಯಬಹುದು. ಆದರೆ ಈ ಎಂಟು ನಿಮಿಷದಲ್ಲಿ ಒಂದೂ ವಹಿವಾಟು ಆಗುವುದಿಲ್ಲ. ಆರ್ಡರ್‌ಗಳು ಬರೀ ಕೂಡಿಕೊಳ್ಳುತ್ತವೆ. ಆಮೇಲೆ ಬಾಗಿಲು ಮುಚ್ಚಿ, ಕಂಪ್ಯೂಟರ್ ಲೆಕ್ಕ ಹಾಕಿ, ಒಂದೇ ಒಂದು ಬೆಲೆ ಹೇಳುತ್ತದೆ.

ಆ ಲೆಕ್ಕ ಏನೆಂದು ಒಂದು ಕಾಲ್ಪನಿಕ ಷೇರು ಇಟ್ಟುಕೊಂಡು ನೋಡೋಣ. ನಿನ್ನೆಯ ಬೆಲೆ 200 ರೂಪಾಯಿ. ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಬಂದಿದೆ, ಪರವಾಗಿಲ್ಲ ಎನ್ನುವಂತಿದೆ. ಬೆಳಗ್ಗೆ ಕೊಳ್ಳುವವರು ಹೀಗೆ ಸಾಲಾಗಿದ್ದಾರೆ: 208 ರೂಪಾಯಿವರೆಗೂ ಕೊಡಲು ಸಿದ್ಧರಿರುವವರಿಗೆ 400 ಷೇರು ಬೇಕು, 206ರವರೆಗೆ ಕೊಡುವವರಿಗೆ 600, 205ರವರೆಗೆ 500, 203ರವರೆಗೆ 1,000. ನಿನ್ನೆಯ ಬೆಲೆಗೇ ಸಿಕ್ಕರೆ ಸಾಕು ಎನ್ನುವವರಿಗೆ 1,500. ಇನ್ನು ಮಾರುವವರ ಕಡೆ, 200 ಸಿಕ್ಕರೂ ಕೊಡುತ್ತೇನೆ ಎನ್ನುವವರ ಬಳಿ 300 ಷೇರು ಇದೆ. ಕನಿಷ್ಠ 203 ಬೇಕು ಎನ್ನುವವರದು 400, 205 ಬೇಕು ಎನ್ನುವವರದು 700, 206ಕ್ಕೆ 900, 208ಕ್ಕೆ 1,200.

ಈಗ ಕಂಪ್ಯೂಟರ್ ಪ್ರತಿ ಬೆಲೆಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತದೆ: ಈ ಬೆಲೆಗೆ ಎಷ್ಟು ಷೇರು ಕೈ ಬದಲಾಗಬಹುದು? 200 ರೂಪಾಯಿಗಾದರೆ ಕೊಳ್ಳುವವರೆಲ್ಲರೂ ಸೇರಿ 4,000 ಷೇರಿಗೆ ಸಿದ್ಧ, ಆದರೆ ಕೊಡುವವರು 300 ಮಾತ್ರ. ಹಾಗಾಗಿ ಅಲ್ಲಿ ಆಗುವ ವಹಿವಾಟು 300. 203ಕ್ಕೆ ಬಂದರೆ ಬೇಡಿಕೆ 2,500ಕ್ಕೆ ಇಳಿಯುತ್ತದೆ, ಮಾರಾಟಕ್ಕೆ 700 ಷೇರು ಸಿಗುತ್ತದೆ. ವಹಿವಾಟು 700. 205ರಲ್ಲಿ ಬೇಡಿಕೆ 1,500, ಮಾರಾಟಕ್ಕೆ 1,400. ವಹಿವಾಟು 1,400. ಇನ್ನೊಂದು ರೂಪಾಯಿ ಏರಿಸಿ 206ಕ್ಕೆ ಹೋದರೆ ಮಾರುವವರು 2,300 ಆಗುತ್ತಾರೆ, ಆದರೆ ಕೊಳ್ಳುವವರು 1,000ಕ್ಕೆ ಇಳಿಯುತ್ತಾರೆ. 208ರಲ್ಲಂತೂ 400ಕ್ಕಿಂತ ಮೇಲೆ ಹೋಗುವಂತಿಲ್ಲ. ಅತಿ ಹೆಚ್ಚು ಷೇರು ಕೈ ಬದಲಾಗುವುದು 205ರಲ್ಲಿ. ಅದೇ ಆರಂಭದ ಬೆಲೆ. ಅಕಸ್ಮಾತ್ ಎರಡು ಬೆಲೆಗಳಲ್ಲಿ ಒಂದೇ ಪ್ರಮಾಣ ಬಂದರೆ, ಯಾವುದರಲ್ಲಿ ಜೋಡಿಯಾಗದೆ ಉಳಿಯುವ ಷೇರು ಕಡಿಮೆಯೋ ಅದನ್ನು ಆರಿಸುತ್ತಾರೆ. ಅದೂ ಸಮವಾದರೆ ನಿನ್ನೆಯ ಬೆಲೆಗೆ ಹತ್ತಿರದ್ದು.

ಇಲ್ಲಿ ಜನ ಗಮನಿಸದ ಒಂದು ಸಂಗತಿ ಇದೆ. 208 ಕೊಡುತ್ತೇನೆ ಎಂದಿದ್ದವರೂ ಕೊಡುವುದು 205 ಮಾತ್ರ. 200ಕ್ಕೆ ಮಾರುತ್ತೇನೆ ಎಂದಿದ್ದವರಿಗೂ 205 ಸಿಗುತ್ತದೆ. ಎಪಿಎಂಸಿಯ ಅಡಿಕೆ ಟೆಂಡರ್‌ನಲ್ಲಿ ಒಂದೊಂದು ಲಾಟ್ ಒಂದೊಂದು ದರಕ್ಕೆ ಹೋಗುತ್ತದಲ್ಲ, ಹಾಗಲ್ಲ ಇದು. ಈ ಹರಾಜಿನಲ್ಲಿ ಎಲ್ಲರಿಗೂ ಒಂದೇ ದರ. ಆದ್ದರಿಂದ ನಿಜವಾಗಿ ಎಷ್ಟು ಕೊಡಲು ಸಿದ್ಧವೋ ಅಷ್ಟನ್ನು ಬರೆದವರಿಗೆ ಇಲ್ಲಿ ನಷ್ಟವಿಲ್ಲ.

ಆರ್ಡರ್ ಹಾಕುವ ಕೊನೆಯ ಒಂದು ನಿಮಿಷದಲ್ಲಿ ಬಾಗಿಲು ಯಾವ ಸೆಕೆಂಡಿಗೆ ಮುಚ್ಚುತ್ತದೆ ಎಂದು ಮೊದಲೇ ಯಾರಿಗೂ ತಿಳಿದಿರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. 9:03ಕ್ಕೆ ದೊಡ್ಡ ಆರ್ಡರ್ ಹಾಕಿ, ತೆರೆಯ ಮೇಲೆ ಅಂದಾಜು ಬೆಲೆಯನ್ನು 215ಕ್ಕೆ ಏರಿಸಿ ತೋರಿಸಿ, ಕೊನೇ ಕ್ಷಣದಲ್ಲಿ ಎತ್ತಿಬಿಡುವವರ ಆಟ ಸುಲಭವಾಗಬಾರದಲ್ಲ. ಆದರೂ ಆ ಆಟ ಪೂರ್ತಿ ನಿಂತಿಲ್ಲ. 9:03ರ ಅಂದಾಜು ಬೆಲೆ ನೋಡಿ ಸಂಭ್ರಮಿಸುವುದೂ ಬೇಡ, ಬೆವರುವುದೂ ಬೇಡ.

9:15ಕ್ಕೆ ವಹಿವಾಟಿನ ಬಗೆಯೇ ಬದಲಾಗುತ್ತದೆ. ಜೋಡಿಯಾಗದೆ ಉಳಿದ ಆರ್ಡರ್‌ಗಳು ಆರ್ಡರ್ ಬುಕ್ಕಿಗೆ ಬರುತ್ತವೆ. ನಮ್ಮ ಷೇರಿನಲ್ಲಿ ಕೊಳ್ಳುವವರ ಕಡೆ 205ಕ್ಕೆ 100, 203ಕ್ಕೆ 1,000, 200ಕ್ಕೆ 1,500 ಉಳಿದಿವೆ. 205ರಲ್ಲಿ ಸಿಗದೆ ಹೋದ ಆ 100, ಎಲ್ಲರಿಗಿಂತ ತಡವಾಗಿ ಆರ್ಡರ್ ಹಾಕಿದವರದು. ಮಾರುವವರ ಕಡೆ 206ಕ್ಕೆ 900, 208ಕ್ಕೆ 1,200. ಇನ್ನು ಮೇಲೆ ಎಲ್ಲರನ್ನೂ ಕಾಯಿಸಿ ಒಂದೇ ಬೆಲೆ ಹೇಳುವುದಿಲ್ಲ. ಯಾವ ಕ್ಷಣ ಒಬ್ಬ ಎದುರಿನವನ ಬೆಲೆಗೆ ಒಪ್ಪುತ್ತಾನೋ ಆ ಕ್ಷಣವೇ ವಹಿವಾಟು. ಒಳ್ಳೆಯ ಬೆಲೆ ಹೇಳಿದವರು ಮೊದಲು, ಒಂದೇ ಬೆಲೆ ಹೇಳಿದವರಲ್ಲಿ ಮೊದಲು ಬಂದವರು ಮೊದಲು.

ಈಗ ಯಾರೋ ಬೆಲೆ ನಮೂದಿಸದೆ, ಮಾರ್ಕೆಟ್ ಆರ್ಡರ್ ಎಂದು 1,500 ಷೇರು ಕೊಳ್ಳಲು ಗುಂಡಿ ಒತ್ತಿದರು ಎನ್ನಿ. 206ರಲ್ಲಿದ್ದ 900 ಖಾಲಿಯಾಗುತ್ತದೆ, ಉಳಿದ 600 ಬರುವುದು 208ರಲ್ಲಿ. ಅವರಿಗೆ ಸರಾಸರಿ ಬಿದ್ದದ್ದು 206.80. ಗುಂಡಿ ಒತ್ತುವಾಗ ತೆರೆಯ ಮೇಲೆ ಕಂಡಿದ್ದು ಮಾತ್ರ 205. ಟಿವಿಯ ಪಟ್ಟಿಯಲ್ಲಿ ಈಗ ಷೇರು “208ಕ್ಕೆ ಏರಿಕೆ”. ಈ ಕಂಪನಿಯ ಒಟ್ಟು ಷೇರು ಹತ್ತು ಕೋಟಿ ಎಂದಿಟ್ಟುಕೊಂಡರೆ, ಅದರ ಮಾರುಕಟ್ಟೆ ಮೌಲ್ಯ ಒಂದೇ ಏಟಿಗೆ 30 ಕೋಟಿ ರೂಪಾಯಿ ಹೆಚ್ಚಿತು. ಕೈ ಬದಲಾದ ದುಡ್ಡು ಎಷ್ಟು? 3.10 ಲಕ್ಷ. “ಹೂಡಿಕೆದಾರರ ಸಂಪತ್ತು ಇಷ್ಟು ಲಕ್ಷ ಕೋಟಿ ಕರಗಿತು” ಎಂಬ ತಲೆಬರಹಗಳ ಒಳಗಿರುವ ಲೆಕ್ಕವೂ ಇಂಥದ್ದೇ. ಕೊನೆಯ ವಹಿವಾಟಿನ ಬೆಲೆಯನ್ನು ಮಾರಾಟಕ್ಕೇ ಬರದ ಕೋಟ್ಯಂತರ ಷೇರುಗಳಿಗೂ ಹಚ್ಚಿ ಗುಣಿಸಿದ್ದು.

ಬುಕ್ಕಿನಲ್ಲಿ ಈಗ ಕೊಳ್ಳುವವರ ಕಡೆ 2,600 ಷೇರಿನ ಬೇಡಿಕೆ, ಮಾರುವವರ ಕಡೆ ಬರೀ 600. ಹೊಸಬರು ಮೊಬೈಲ್ ಆ್ಯಪ್‌ನಲ್ಲಿ ಇದನ್ನು ನೋಡಿ “ಬಯರ್ಸ್ ಜಾಸ್ತಿ ಇದ್ದಾರೆ, ಏರುತ್ತೆ” ಎಂದು ತೀರ್ಮಾನಿಸುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ತುರ್ತಿಗೆ 500 ಷೇರು ಮಾರ್ಕೆಟ್ ಆರ್ಡರ್‌ನಲ್ಲಿ ಮಾರಿದರು. 205ರಲ್ಲಿ ಇದ್ದದ್ದು ನೂರು, ಉಳಿದ ನಾನೂರು 203ಕ್ಕೆ ಹೋಯಿತು. ತೆರೆಯ ಮೇಲೆ 208 ಇದ್ದದ್ದು 203. ಸುದ್ದಿ ಏನೂ ಇಲ್ಲ, ಕಂಪನಿ ಅದೇ, ಫಲಿತಾಂಶ ಅದೇ.

ಬಯರ್ಸ್ ಜಾಸ್ತಿ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಆದ ಪ್ರತಿ ವಹಿವಾಟಿನಲ್ಲೂ ಕೊಂಡ ಷೇರು ಎಷ್ಟೋ ಮಾರಿದ್ದೂ ಅಷ್ಟೇ. ಬೆಲೆಯನ್ನು ಅಲುಗಾಡಿಸುವುದು ತಲೆಗಳ ಎಣಿಕೆಯಲ್ಲ, ಯಾರಿಗೆ ಅವಸರ ಇದೆ ಎನ್ನುವುದು. ಕಾಯಲಾಗದವರು ಎದುರಿನವರ ಬೆಲೆಗೆ ಒಪ್ಪಿಕೊಳ್ಳುತ್ತಾರೆ, ಬೆಲೆ ಆ ಕಡೆಗೆ ಸರಿಯುತ್ತದೆ. ಕೆಳಗೆ 200ರಲ್ಲಿ ಬಲೆ ಹಾಸಿ ಕೂತವರು ಎಷ್ಟು ಸಾವಿರ ಷೇರು ಕೇಳಿದರೂ ಬೆಲೆ ಏರಿಸುವವರಲ್ಲ. ಅವರ ಆರ್ಡರ್ ಮುಂದಿನ ಸೆಕೆಂಡಿನಲ್ಲಿ ಅಲ್ಲೇ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಇದಕ್ಕೆ ವಿರುದ್ಧವಾದದ್ದೂ ಉಂಟು. ದೊಡ್ಡ ಫಂಡ್‌ಗಳು ತಮ್ಮ ಆರ್ಡರ್‌ನ ಒಂದು ಭಾಗವನ್ನಷ್ಟೇ ತೆರೆಗೆ ತೋರಿಸಿ ಉಳಿದದ್ದನ್ನು ಮರೆಯಲ್ಲಿಡಲು ನಿಯಮವೇ ಅವಕಾಶ ಕೊಡುತ್ತದೆ.

ದೊಡ್ಡ ಕಂಪನಿಗಳ ಷೇರಿನಲ್ಲಿ ಈ ಕುಣಿತ ಕಣ್ಣಿಗೆ ಬೀಳುವುದು ಅಪರೂಪ. ಅಲ್ಲಿ ಪ್ರತಿ ಐದು, ಹತ್ತು ಪೈಸೆಗೂ ಆರ್ಡರ್‌ಗಳು ಒತ್ತೊತ್ತಾಗಿರುತ್ತವೆ. ಒಂದು ಮೆಟ್ಟಿಲು ಖಾಲಿಯಾದರೆ ಅರೆಕ್ಷಣದಲ್ಲಿ ಹೊಸ ಆರ್ಡರ್ ತುಂಬಿಕೊಳ್ಳುತ್ತದೆ. ಆದರೂ ಅಂಥ ಷೇರುಗಳೂ ಬರಿದಾದ ದಿನ ಒಂದಿದೆ. 2012ರ ಅಕ್ಟೋಬರ್ 5ರ ಬೆಳಗ್ಗೆ ಬ್ರೋಕರ್ ಸಂಸ್ಥೆಯೊಂದರಿಂದ ತಪ್ಪಾಗಿ ಹೋದ 59 ಆರ್ಡರ್‌ಗಳು ನಿಫ್ಟಿಯ ಷೇರುಗಳನ್ನು 650 ಕೋಟಿ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಮಾರಿಬಿಟ್ಟವು. ಕಂಪ್ಯೂಟರ್ ತನ್ನ ಕೆಲಸ ಮಾಡಿತು, ಅಂದರೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಸಿಕ್ಕ ಸಿಕ್ಕ ಬೆಲೆಗೆ ಜೋಡಿ ಹಾಕಿತು. ಕೆಲವೇ ಕ್ಷಣಗಳಲ್ಲಿ ನಿಫ್ಟಿ 900ಕ್ಕೂ ಹೆಚ್ಚು ಅಂಶ, ಶೇ 15ಕ್ಕಿಂತ ಹೆಚ್ಚು, ಕುಸಿಯಿತು. ಸುಮಾರು ಕಾಲು ಗಂಟೆ ವಹಿವಾಟು ನಿಂತು, ಮತ್ತೆ ಶುರುವಾದಾಗ ಬೆಲೆಗಳು ಹೆಚ್ಚುಕಡಿಮೆ ಹಳೆಯ ಜಾಗಕ್ಕೆ ಬಂದವು. ಆ ವರ್ಷದ ಕೊನೆಯಲ್ಲಿ ಸೆಬಿ ಒಂದು ಆರ್ಡರ್‌ನ ಮೊತ್ತಕ್ಕೆ ಹತ್ತು ಕೋಟಿಯ ಮಿತಿ ಹಾಕಿತು.

ಮಧ್ಯಮ, ಸಣ್ಣ ಕಂಪನಿಗಳಲ್ಲಿ ಹೀಗೆ ಬರಿದಾಗುವುದು ದಿನನಿತ್ಯದ ಮಾತು. ಆದ್ದರಿಂದ ಮಾರುವ ಮೊದಲು ನಾನು ನೋಡುವುದು ಕೊನೆಯ ಬೆಲೆಯನ್ನಲ್ಲ, ಆ್ಯಪ್‌ನಲ್ಲಿ ಎರಡೂ ಕಡೆಯ ಐದೈದು ಬೆಲೆಗಳನ್ನು ತೋರಿಸುವ ಮಾರ್ಕೆಟ್ ಡೆಪ್ತ್ ಪುಟವನ್ನು. ಕೊಳ್ಳುವವರ ಮೊದಲ ಬೆಲೆಗೂ ಮಾರುವವರ ಮೊದಲ ಬೆಲೆಗೂ ನಡುವೆ ಎಷ್ಟು ಅಂತರ? ನನ್ನ ಕೈಯಲ್ಲಿರುವಷ್ಟು ಷೇರನ್ನು ಈ ಐದು ಮೆಟ್ಟಿಲು ನುಂಗಬಲ್ಲವೇ? ಅಂತರ ದೊಡ್ಡದಿದ್ದು ಮೆಟ್ಟಿಲುಗಳು ತೆಳುವಾಗಿದ್ದರೆ ಮಾರ್ಕೆಟ್ ಆರ್ಡರ್ ಮುಟ್ಟಬೇಡಿ. ಇದಕ್ಕಿಂತ ಕಡಿಮೆಗೆ ಬೇಡ ಎಂದು ಬೆಲೆ ಬರೆದು ಲಿಮಿಟ್ ಆರ್ಡರ್ ಹಾಕಿ, ಅದನ್ನೂ ಎರಡು ಮೂರು ಭಾಗ ಮಾಡಿ. ಆರ್ಡರ್ ಸಿಗದೆ ಹೋಗುವ ಸಾಧ್ಯತೆ ಇದೆ ನಿಜ, ಆದರೆ 205 ನೋಡಿ ಗುಂಡಿ ಒತ್ತಿ 198 ಪಡೆಯುವ ಪರಿಸ್ಥಿತಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಎರಡೂ ಕಡೆ ಜನ ಇದ್ದಾಗಿನ ಮಾತು. ಹಲವು ಷೇರುಗಳಿಗೆ ದಿನಕ್ಕೆ ಇಂತಿಷ್ಟೇ ಏರಬಹುದು, ಇಳಿಯಬಹುದು ಎಂಬ ಮಿತಿ ಇದೆ: ಶೇ 2, 5, 10 ಅಥವಾ 20. ಶೇ 5ರ ಮಿತಿಯ ಷೇರು 200ರಿಂದ 190ಕ್ಕೆ ಬಂದು ನಿಂತಿದೆ, ಕೊಳ್ಳುವವರ ಕಾಲಂ ಖಾಲಿ ಎನ್ನಿ. ಜನ ಅದನ್ನು “190ರ ಬೆಲೆ” ಎನ್ನುತ್ತಾರೆ, ಆದರೆ ಆ ಬೆಲೆಗೆ ಕೊಳ್ಳಲು ಯಾರೂ ಇಲ್ಲ. ನಿಯಮ ತಡೆದಿದೆ, ಅಷ್ಟೇ. ನಿಮ್ಮ ಮಾರಾಟದ ಆರ್ಡರ್ ಲಕ್ಷಗಟ್ಟಲೆ ಷೇರುಗಳ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ, ಸಂಜೆ ತಾನಾಗಿ ರದ್ದಾಗುತ್ತದೆ. ಮಾರನೇ ದಿನದ ಕೆಳಮಿತಿ 180.50, ಸಾಲು ಮತ್ತೆ ಮೊದಲಿನಿಂದ. ಹೊರಬರಲೇಬೇಕು ಎನ್ನುವವರು ಒಂಬತ್ತಕ್ಕೆ ಸರಿಯಾಗಿ ಪ್ರೀ-ಓಪನ್‌ನಲ್ಲೇ ಆರ್ಡರ್ ಹಾಕಿ ಸಾಲಿನ ಮುಂದೆ ನಿಲ್ಲಲು ನೋಡುವುದು ಇದಕ್ಕೇ.