ಹಳೇ ಫರ್ಮ್‌ವೇರ್ ಯಾಕೆ ಬೂಟ್ ಆಗಲ್ಲ? ಚಿಪ್ ಒಳಗಿನ ಫ್ಯೂಸ್ ಲೆಕ್ಕ

ಹೊಸ ಅಪ್‌ಡೇಟ್ ಹಾಕ್ಕೊಂಡ್ಮೇಲೆ ಹಳೇ ವರ್ಷನ್‌ಗೆ ಹೋಗೋಕೆ ಆಗ್ತಿಲ್ಲ ಅಂದ್ರೆ ತುಂಬಾ ಜನ ಹೇಳೋದು ಒಂದೇ, "ಕಂಪನಿಯವರು ಹಳೇ ಫೈಲನ್ನ ಬ್ಲಾಕ್ ಮಾಡಿದಾರೆ, ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ" ಅಂತ. ಆಂಟಿ-ರೋಲ್‌ಬ್ಯಾಕ್, ಅಂದ್ರೆ ಹಳೇ ವರ್ಷನ್‌ಗೆ ಇಳಿಯೋಕೆ ಬಿಡದ ಕಾವಲು, ಇರೋ ಡಿವೈಸ್‌ನಲ್ಲಿ ಈ ಎರಡೂ ಮಾತು ತಪ್ಪು. ಹಳೇ ಫೈಲ್ ಮೇಲಿರೋ ಕಂಪನಿಯ ಡಿಜಿಟಲ್ ಸಹಿ ಇವತ್ತಿಗೂ ಸರಿಯಾಗೇ ಇರುತ್ತೆ, ತೊಂದ್ರೆ ಶುರುವಾಗೋದೇ ಅಲ್ಲಿಂದ. ಸಹಿ ಹೇಳೋದು ಇದನ್ನ ಯಾರು ಮಾಡಿದ್ರು, ಆಮೇಲೆ ಯಾರೂ ತಿದ್ದಿಲ್ಲ ಅನ್ನೋದನ್ನ ಮಾತ್ರ. ಇದಾದ್ಮೇಲೆ ಇನ್ನೊಂದು ಬಂದಿದೆ, ಇದರಲ್ಲಿ ದೊಡ್ಡ ಸೆಕ್ಯೂರಿಟಿ ತೂತು ಸಿಕ್ಕಿದೆ ಅಂತ ಸಹಿಗೆ ಗೊತ್ತಾಗಲ್ಲ. ಹಾಗಾಗಿ ಬರೀ ಸಹಿ ನೋಡೋ ಡಿವೈಸ್‌ಗೆ ತೂತಿರೋ ಹಳೇ ಫರ್ಮ್‌ವೇರ್ ಕೊಟ್ರೆ ಖುಷಿಯಾಗಿ ಬೂಟ್ ಆಗುತ್ತೆ, ಮುಚ್ಚಿದ್ದ ತೂತು ಮತ್ತೆ ತೆರ್ಕೊಳ್ಳುತ್ತೆ.

ಸರಿ, ಯಾವ ವರ್ಷನ್‌ವರೆಗೆ ಬಂದಿದೆ ಅಂತ ಡಿವೈಸ್ ಒಂದು ನಂಬರ್ ಬರೆದಿಟ್ಕೊಂಡ್ರೆ ಆಯ್ತಲ್ಲ ಅನ್ಸುತ್ತೆ. ಆದ್ರೆ ಎಲ್ಲಿ ಬರೆಯೋದು? ಮಾಮೂಲಿ ಸ್ಟೋರೇಜ್‌ನಲ್ಲಿ ಬರೆದ್ರೆ, ಅಪ್‌ಡೇಟ್‌ಗೆ ಮುಂಚೆ ಯಾರಾದ್ರೂ ಇಡೀ ಸ್ಟೋರೇಜ್‌ನ ಕಾಪಿ ತೆಗೆದಿಟ್ಕೊಂಡು ಆಮೇಲೆ ಅದನ್ನೇ ವಾಪಸ್ ಹಾಕಿದ್ರೆ ಫರ್ಮ್‌ವೇರ್ ಜೊತೆ ಆ ನಂಬರೂ ಹಿಂದಕ್ಕೆ ಹೋಗುತ್ತೆ. ಎನ್‌ಕ್ರಿಪ್ಟ್ ಮಾಡಿದ್ರೂ ಅಷ್ಟೇ, ಯಾಕಂದ್ರೆ ವಾಪಸ್ ಬರೋದು ಅದೇ ಡಿವೈಸ್ ಬರೆದಿದ್ದ ಅಸಲಿ ಡೇಟಾನೇ. ಅದಕ್ಕೇ ಮುಂದಕ್ಕೆ ಮಾತ್ರ ಹೋಗೋ, ಹಿಂದಕ್ಕೆ ಬರೋಕೆ ಆಗ್ದೇ ಇರೋ ಜಾಗ ಬೇಕು. ಇಲ್ಲೇ ಇ-ಫ್ಯೂಸ್ ಬರೋದು: ಪ್ರೊಸೆಸರ್ ಚಿಪ್ ಒಳಗೇ ಇರೋ ಅತಿ ಸಣ್ಣ ವಾಹಕ ಎಳೆ. ಅದರಲ್ಲಿ ಜೋರಾಗಿ ಕರೆಂಟ್ ಹರಿಸಿದ್ರೆ ವಸ್ತು ಜಾಗ ಬಿಟ್ಟು ಸರಿಯುತ್ತೆ, ರೆಸಿಸ್ಟೆನ್ಸ್ ಏರುತ್ತೆ, ಅಲ್ಲಿವರೆಗೆ 0 ಅಂತ ಓದ್ತಿದ್ದ ಬಿಟ್ ಅಲ್ಲಿಂದ ಮುಂದೆ 1. ಅದನ್ನ ಮತ್ತೆ ಮೊದಲಿನಂಗೆ ಮಾಡೋ ಕಮಾಂಡೇ ಇಲ್ಲ, ಫ್ಯಾಕ್ಟರಿ ರೀಸೆಟ್ ಅಲ್ಲಿಗೆ ಮುಟ್ಟೋದೂ ಇಲ್ಲ.

ಇದನ್ನ ಚೆನ್ನಾಗಿ ನೋಡ್ಬೇಕು ಅಂದ್ರೆ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಮೆಷಿನ್ ನೋಡ್ಬೇಕು. ಅದರ ಫರ್ಮ್‌ವೇರ್‌ಗೆ "ಇಷ್ಟು ಫ್ಯೂಸ್ ಸುಟ್ಟಿರ್ಬೇಕು" ಅನ್ನೋ ಒಂದು ಸಂಖ್ಯೆ ಇರುತ್ತೆ: 3.0.0ಗೆ 3, 3.0.1ಗೆ 4, 4.0.0ಗೆ 5, 5.0.0ಗೆ 6. ಪವರ್ ಆನ್ ಆದಾಗ ಬೂಟ್‌ಲೋಡರ್, ಅಂದ್ರೆ ಸಿಸ್ಟಮನ್ನ ಶುರು ಮಾಡೋ ಪ್ರೋಗ್ರಾಂ, ಸುಟ್ಟ ಫ್ಯೂಸ್‌ಗಳನ್ನ ಎಣಿಸುತ್ತೆ. ಕಮ್ಮಿ ಇದ್ರೆ ಬಾಕಿ ಇರೋವನ್ನ ಅಲ್ಲೇ ಸುಟ್ಟು ಮುಂದಕ್ಕೆ ಹೋಗುತ್ತೆ, ಸಮ ಇದ್ರೆ ಸುಮ್ನೆ ಮುಂದಕ್ಕೆ, ಜಾಸ್ತಿ ಇದ್ರೆ ಅಲ್ಲೇ ನಿಂತುಬಿಡುತ್ತೆ. ಅಂದ್ರೆ 5.0.0 ಒಂದ್ಸಲ ಬೂಟ್ ಆಗಿ 6 ಫ್ಯೂಸ್ ಸುಟ್ಟಿರೋ ಸ್ವಿಚ್‌ಗೆ ಹಾರ್ಡ್‌ವೇರ್ ಟೂಲ್‌ನಿಂದ 4.0.0 ಬರೆದ್ರೆ ಬರೆಯೋ ಕೆಲಸ ಏನೋ ಮುಗಿಯುತ್ತೆ, ಆದ್ರೆ ಆನ್ ಮಾಡಿದಾಗ 5 ಬೇಕಿದ್ದ ಕಡೆ 6 ಕಂಡು ಸ್ಕ್ರೀನ್ ಕಪ್ಪಾಗೇ ಇರುತ್ತೆ. ಹಾಗಂತ ಪ್ರತಿ ಅಪ್‌ಡೇಟ್‌ಗೂ ಫ್ಯೂಸ್ ಸುಡುತ್ತೆ ಅನ್ಕೋಬೇಡಿ, 4.1.0ಗೂ ಬೇಕಾಗಿರೋದು 5 ಮಾತ್ರ, ಹಾಗಾಗಿ 4.1.0ಯಿಂದ 4.0.0ಗೆ ಇಳಿದ್ರೆ ಫ್ಯೂಸ್ ಲೆಕ್ಕ ಅಡ್ಡ ಬರಲ್ಲ.

ಈ ಕಾವಲಿಗೂ ಒಂದು ಮಿತಿ ಇದೆ. ಎಣಿಸೋದು ಬೂಟ್‌ಲೋಡರ್, ಅದನ್ನ ಶುರು ಮಾಡೋದು ಅದಕ್ಕಿಂತ ಕೆಳಗಿರೋ ಬೂಟ್‌ರಾಮ್, ಅಂದ್ರೆ ಚಿಪ್ ತಯಾರಾಗೋವಾಗ್ಲೇ ಅದರೊಳಗೆ ಕೂರಿಸಿರೋ ಮೊದಲ ಕೋಡ್. 2018ರಲ್ಲಿ ಸ್ವಿಚ್‌ನ ಟೆಗ್ರಾ ಎಕ್ಸ್1 ಚಿಪ್‌ನ ಬೂಟ್‌ರಾಮ್‌ನಲ್ಲೇ, ಯುಎಸ್‌ಬಿ ರಿಕವರಿ ಮೋಡ್‌ನಲ್ಲಿ, ದೋಷ ಸಿಕ್ತು, ಫ್ಯೂಸೆ ಜೆಲೆ ಅಂತ ಅದರ ಹೆಸರು. ಅದರಿಂದ ಎಣಿಸದೇ ಇರೋ ಬೇರೆ ಬೂಟ್‌ಲೋಡರನ್ನೇ ಓಡಿಸ್ಬಹುದಾಯ್ತು. ಸುಟ್ಟ ಫ್ಯೂಸ್ ಸುಟ್ಟಂಗೇ ಇತ್ತು, ಅದನ್ನ ನೋಡೋರೇ ಇರ್ಲಿಲ್ಲ ಅಷ್ಟೇ. ಬೂಟ್‌ರಾಮ್ ಅಪ್‌ಡೇಟ್‌ನಿಂದ ಬದಲಾಗೋದಲ್ಲ, ಹಾಗಾಗಿ ಆಗಲೇ ಮಾರಾಟ ಆಗಿದ್ದ ಮೆಷಿನ್‌ಗಳಲ್ಲಿ ಸಾಫ್ಟ್‌ವೇರ್‌ನಿಂದ ಅದನ್ನ ಸರಿಮಾಡೋಕೆ ಆಗ್ಲೇ ಇಲ್ಲ.

ಫೋನ್‌ನಲ್ಲಿ ಇದು ಇನ್ನೊಂದು ರೀತಿ ಕಾಡುತ್ತೆ. ಆಗಸ್ಟ್ 2022ರಲ್ಲಿ ಪಿಕ್ಸೆಲ್ 6, 6 ಪ್ರೊ, 6ಎ ಫೋನ್‌ಗಳಿಗೆ ಬಂದ ಆಂಡ್ರಾಯ್ಡ್ 13ರ ಬೂಟ್‌ಲೋಡರ್ ಆಂಟಿ-ರೋಲ್‌ಬ್ಯಾಕ್ ಕೌಂಟರ್ ಏರಿಸಿತು, ಇನ್ಮೇಲೆ 12ಕ್ಕೆ ಇಳಿಯೋಕೆ ಆಗಲ್ಲ ಅಂತ ಗೂಗಲ್ ಮೊದಲೇ ಹೇಳಿತ್ತು. ಆದ್ರೆ ಈ ಫೋನ್‌ಗಳಲ್ಲಿ ಸಿಸ್ಟಮ್ ಎ, ಬಿ ಅಂತ ಎರಡು ಸ್ಲಾಟ್‌ನಲ್ಲಿ ಇರುತ್ತೆ, ಅಪ್‌ಡೇಟ್ ಹೋಗೋದು ಒಂದಕ್ಕೆ ಮಾತ್ರ. 13 ಬೂಟ್ ಆಗಿ ಕೌಂಟರ್ ಏರಿದ್ಮೇಲೂ ಪಕ್ಕದ ಸ್ಲಾಟ್‌ನಲ್ಲಿ 12ರ ಬೂಟ್‌ಲೋಡರ್ ಹಾಗೇ ಕೂತಿರುತ್ತೆ. ಮಾಮೂಲಿ ಬಳಸೋರಿಗೆ ಇದು ತಿಳಿಯೋದೂ ಇಲ್ಲ. ಕೈಯಾರೆ ಬೇರೆ ಬಿಲ್ಡ್ ಫ್ಲ್ಯಾಶ್ ಮಾಡೋರಿಗೆ ಅದು ಬೂಟ್ ಆಗ್ದೇ ಹೋದ್ರೆ ಫೋನ್ ಸಹಾಯಕ್ಕೆ ಅಂತ ಆ ಇನ್ನೊಂದು ಸ್ಲಾಟ್‌ಗೆ ಹೋಗುತ್ತೆ, ಅಲ್ಲಿರೋದು ಹಳೇ ಬೂಟ್‌ಲೋಡರ್, ಕೌಂಟರ್ ಅದನ್ನ ಒಪ್ಪಲ್ಲ, ಫೋನ್ ಏಳೋದೇ ಇಲ್ಲ. ಅದಕ್ಕೇ ಅಂಥೋರು ಆಂಡ್ರಾಯ್ಡ್ 13 ಒಂದ್ಸಲ ಸರಿಯಾಗಿ ಬೂಟ್ ಆದ್ಮೇಲೆ ಪೂರ್ತಿ ಒಟಿಎ ಫೈಲನ್ನ, ಅಂದ್ರೆ ಇಡೀ ಅಪ್‌ಡೇಟ್ ಇರೋ ಫೈಲನ್ನ, ಇನ್ನೊಂದ್ಸಲ ಕೈಯಾರೆ ಸೈಡ್‌ಲೋಡ್ ಮಾಡ್ಬೇಕಿತ್ತು, ಆಗ ಅದು ಎರಡನೇ ಸ್ಲಾಟ್‌ಗೆ ಹೋಗಿ ಅಲ್ಲೂ ಹೊಸ ಬೂಟ್‌ಲೋಡರ್ ಬರುತ್ತೆ.